ಗುರುವಾರ ಬರುವ ಮುಂಚೆ, ಪುಟ್ಟಿಯ ಹೊಟ್ಟೆ ವಿಷಯ

ಮೇಡಂ, ನಮಸ್ಕಾರ.

ನಾನು ಪುಟ್ಟಿ ಅಮ್ಮ, ಮಂಡ್ಯದಿಂದಲೇ. ಒಂದು ವರ್ಷದ ಲಸಿಕೆಗೆ ಬಂದಾಗ ನಿಮ್ಮ ಸ್ಟೆತಾಸ್ಕೋಪ್ ಹಿಡಿದುಕೊಂಡು ಬಿಡಲೇ ಇಲ್ಲವಲ್ಲ, ಆ ಮಗು. ಈಗ ಅವಳಿಗೆ 13 ತಿಂಗಳು ತುಂಬಿ 2 ವಾರ ಆಯಿತು. ಗುರುವಾರ ಸಂಜೆಗೆ ಟೋಕನ್ ತೆಗೆದುಕೊಂಡಿದ್ದೇವೆ. ಅಲ್ಲಿಗೆ ಬಂದ ಮೇಲೆ ಅವಳು ಅಳೋಕೆ ಶುರು ಮಾಡಿದರೆ ಹೇಳಬೇಕಾದ್ದು ಅರ್ಧ ಮರೆತುಹೋಗುತ್ತದೆ, ಇನ್ನರ್ಧ ನಮ್ಮತ್ತೆ ಪಕ್ಕದಲ್ಲಿ ಕೂತಿರುವಾಗ ಬಾಯಿಗೆ ಬರಲ್ಲ. ಅದಕ್ಕೇ ಮೊದಲೇ ಬರೆದು ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗಿದೆ, ಬೇಜಾರು ಮಾಡಿಕೊಳ್ಳಬೇಡಿ.

ವಿಷಯ ಇಷ್ಟೇ. ಕಕ್ಕ ತುಂಬ ಗಟ್ಟಿ, 3-4 ದಿನಕ್ಕೊಮ್ಮೆ. ಊಟ ಅಂದರೆ ಬಾಯಿ ಬಿಗಿ ಹಿಡಿಯುತ್ತಾಳೆ. ತೂಕ ಹೆಚ್ಚು ಕಡಿಮೆ ನಿಂತಲ್ಲೇ ನಿಂತಿದೆ.

ಆರೂವರೆ ತಿಂಗಳಿಗೆ ರಾಗಿ ಸರಿ ಶುರು ಮಾಡಿದೆವು. ಮನೆಯಲ್ಲೇ ರಾಗಿ ನೆನೆಸಿ ಮೊಳಕೆ ಕಟ್ಟಿ ಒಣಗಿಸಿ ಬೀಸಿದ್ದು. ಆಗ 2 ದಿನಕ್ಕೊಮ್ಮೆ ಹೋಗುತ್ತಿದ್ದಳು, ಆದರೆ ಮೆತ್ತಗೇ ಇತ್ತು, ತಿಣುಕಾಟ ಇರಲಿಲ್ಲ. ಆಮೇಲೆ ಹೆಸರುಬೇಳೆ ಅನ್ನ, ಕ್ಯಾರೆಟ್, ಸ್ವಲ್ಪ ತುಪ್ಪ, ಎಲ್ಲ ಚೆನ್ನಾಗಿಯೇ ತಿಂದಳು. 10 ತಿಂಗಳಿಗೆ ನಾನು ವಾಪಸ್ ಕೆಲಸಕ್ಕೆ ಸೇರಿದೆ. ಆಫೀಸು ಮೈಸೂರಿನಲ್ಲಿ, ಬೆಳಿಗ್ಗೆ ಎಂಟಕ್ಕೆಲ್ಲ ರೈಲಿಗೆ ಓಡಬೇಕು, ಮನೆ ಸೇರುವಾಗ ಸಂಜೆ ಏಳು. ಹಗಲೆಲ್ಲ ಮಗು ನಮ್ಮತ್ತೆ ಹತ್ತಿರ. ಎದೆಹಾಲು ಹಿಂಡಿ ಇಟ್ಟು ಹೋಗೋಣ ಅಂತ 2 ವಾರ ಪ್ರಯತ್ನ ಪಟ್ಟೆ, ಆಗಲಿಲ್ಲ. ಆಗ ಹಸುವಿನ ಹಾಲು ಶುರುವಾಯಿತು. ವರ್ಷ ತುಂಬುವವರೆಗೆ ಹಸುವಿನ ಹಾಲು ಕುಡಿಸಬೇಡಿ ಅಂತ ನೀವು ಹೇಳಿದ್ದು ನೆನಪಿದೆ ಮೇಡಂ. ಹೋದ ಸಲ ನೀವು ಕೇಳಿದಾಗ "ಸ್ವಲ್ಪ ಸ್ವಲ್ಪ" ಅಂದೆ. ಸ್ವಲ್ಪ ಅಲ್ಲ ಅದು.

ಹೋದ ವಾರ ಒಂದು ಹಳೇ ಡೈರಿಯಲ್ಲಿ ಅವಳು ತಿಂದಿದ್ದು ಕುಡಿದಿದ್ದು ಎಲ್ಲ ಬರೆಯೋಕೆ ಶುರು ಮಾಡಿದೆ. ಹಗಲಿನದ್ದು ಅತ್ತೆಯನ್ನು ಕೇಳಿ ಬರೆದೆ, ರಜೆ ಇದ್ದ 2 ದಿನ ನಾನೇ ನೋಡಿ ಬರೆದೆ. ಹಾಲು ಬೆಳಿಗ್ಗೆ ಎದ್ದ ತಕ್ಷಣ 200 ಎಂಎಲ್, 11 ಗಂಟೆಗೆ ಮಲಗಿಸುವಾಗ 200, ಮಧ್ಯಾಹ್ನ ಎದ್ದ ಮೇಲೆ 150, ರಾತ್ರಿ 200. ಅದಲ್ಲದೆ ನಡುರಾತ್ರಿ ಅತ್ತರೆ ಒಮ್ಮೊಮ್ಮೆ ಎದೆಹಾಲು, ಒಮ್ಮೊಮ್ಮೆ ನಾನು ನಿದ್ದೆಗಣ್ಣಲ್ಲಿ ಎದ್ದು ಕಾಯಿಸಿ ಕೊಡುವ ಇನ್ನೊಂದು 100. ಕೂಡಿ ನೋಡಿ ನನಗೇ ಗಾಬರಿಯಾಯಿತು. ದಿನಕ್ಕೆ 750ರಿಂದ 850 ಎಂಎಲ್. ಎಲ್ಲ ಫೀಡಿಂಗ್ ಬಾಟಲಿಯಲ್ಲೇ. ಒಳಲೆಯಲ್ಲಿ ಹಾಕಿದರೆ ಉಗಿಯುತ್ತಾಳೆ. ಹಾಲಿಗೆ ಒಂದು ಚಮಚ ಸಕ್ಕರೆಯೂ ಬೀಳುತ್ತದೆ, ನಾವು ಸಕ್ಕರೆ ನಾಡಿನವರಲ್ವಾ, ಸಪ್ಪೆ ಹಾಲು ಯಾರು ಕುಡೀತಾರೆ ಅನ್ನೋದು ನಮ್ಮನೆ ವಾದ.

ಇದರ ಮಧ್ಯೆ ಊಟ ಎಲ್ಲಿ ಹೋಗಬೇಕು ಹೇಳಿ. ಬೆಳಿಗ್ಗೆ ಇಡ್ಲಿ ಕಾಲು ಭಾಗ, ಅದೂ ಕಿಟಕಿ ಹತ್ತಿರ ನಿಲ್ಲಿಸಿ ರಸ್ತೆಯಲ್ಲಿ ಹಸು ತೋರಿಸಿದರೆ. ಮಧ್ಯಾಹ್ನ ಬೇಳೆ ಅನ್ನ 4 ತುತ್ತು. ರಾತ್ರಿ ಮುದ್ದೆಯನ್ನು ಸೊಪ್ಪಿನ ಸಾರಲ್ಲಿ ಕಲಸಿ ಕೊಟ್ಟರೆ 2 ತುತ್ತು ನುಂಗಿ ಮೂರನೆಯದಕ್ಕೆ ಮುಖ ತಿರುಗಿಸುತ್ತಾಳೆ. ತರಕಾರಿ ತಿನ್ನೋದೇ ಇಲ್ಲ ಅಂದರೂ ಆಯಿತು. ಹಣ್ಣು ಅಂದರೆ ಬಾಳೆಹಣ್ಣು ಮಾತ್ರ, ದಿನಾ 1 ಏಲಕ್ಕಿ ಬಾಳೆ. ಬಿಸ್ಕತ್ತು ಕೊಟ್ಟರೆ ಮಾತ್ರ ಬೇಡ ಅನ್ನಲ್ಲ, ದಿನಕ್ಕೆ 3-4 ಒಳಗೆ ಹೋಗುತ್ತದೆ. ನೀರು ಪೂರ್ತಿ ದಿನಕ್ಕೆ ಅರ್ಧ ಲೋಟ ಕುಡಿದರೆ ಹೆಚ್ಚು. ಸುಸ್ಸು ಮಾತ್ರ ಸರಿಯಾಗಿದೆ, 5-6 ಸಲ, ಬಣ್ಣ ಸ್ವಲ್ಪ ಹಳದಿ.

ಇನ್ನು ಕಕ್ಕದ ವಿಷಯ. 11 ತಿಂಗಳಿಂದ ಆಡಿನ ಹಿಕ್ಕೆ ತರ ಉಂಡೆ ಉಂಡೆ ಬರೋಕೆ ಶುರುವಾಯಿತು. ಈಗ 3-4 ದಿನ ತಡೆದು, ಕೊನೆಗೆ ಒಂದು ದಪ್ಪ ಗಟ್ಟಿ ಉಂಡೆ ಬರುತ್ತದೆ, ಇಷ್ಟು ಚಿಕ್ಕ ಮಗುವಿನಿಂದ ಇದು ಬಂತಾ ಅನ್ನುವಷ್ಟು ದಪ್ಪ, ಅದರ ಹಿಂದೆ ಸ್ವಲ್ಪ ಮೆತ್ತಗಿನದ್ದು. ಹೋದ 15 ದಿನದಲ್ಲಿ 2 ಸಲ ಉಂಡೆಯ ಮೇಲೆ ಗೆರೆ ಎಳೆದ ಹಾಗೆ ಕೆಂಪು ರಕ್ತ ಇತ್ತು. ಒಳಗೆ ಬೆರೆತಿರಲಿಲ್ಲ, ಮೇಲೆ ಮಾತ್ರ. ಒರೆಸುವಾಗ ಬಟ್ಟೆಗೂ ಒಂದು ಚುಕ್ಕೆ ಅಂಟಿತು. ಕಕ್ಕ ಬರುವ ಹೊತ್ತಿಗೆ ಮಂಚದ ಕಾಲು ಹಿಡಿದುಕೊಂಡು ನಿಂತು, ಎರಡೂ ಕಾಲು ಬಿಗಿ ಹಿಡಿದು, ಮುಖ ಕೆಂಪಗೆ ಮಾಡಿಕೊಳ್ಳುತ್ತಾಳೆ. ಮೊದಮೊದಲು ನಾನು ತಿಣುಕುತ್ತಿದ್ದಾಳೆ ಅಂದುಕೊಂಡೆ. ಸರಿಯಾಗಿ ನೋಡಿದರೆ ತಿಣುಕುತ್ತಿಲ್ಲ ಮೇಡಂ, ತಡೆಯುತ್ತಿದ್ದಾಳೆ. ಬರಬಾರದು ಅಂತ ಒಳಗೆ ಎಳೆದುಕೊಳ್ಳುತ್ತಾಳೆ. ಅದು ಹಾದುಹೋದ ಮೇಲೆ ಏನೂ ಆಗದ ಹಾಗೆ ಆಟಕ್ಕೆ ಹೋಗುತ್ತಾಳೆ.

ಈಗ ಅತ್ತೆ ಮುಂದೆ ಹೇಳೋಕಾಗದ ಮಾತು. ಮೂರು ವಾರದ ಹಿಂದೆ ನಾನು ಆಫೀಸಲ್ಲಿದ್ದಾಗ ವೀಳ್ಯದೆಲೆ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಹಿಂದೆ ಇಟ್ಟಿದ್ದಾರೆ. ಕಕ್ಕ ಆಯಿತು. ಆದ್ದರಿಂದ ಇನ್ನೂ 2 ಸಲ ಮಾಡಿದ್ದಾರೆ. ನನಗೆ ಗೊತ್ತಾಗಿದ್ದು ಆಮೇಲೆ. ಅವರನ್ನು ಬೈಯಬೇಡಿ ಮೇಡಂ, ನಮ್ಮ ಯಜಮಾನರನ್ನೂ ನಾದಿನಿಯನ್ನೂ ಹಾಗೇ ಸಾಕಿದವರು, ಮೊಮ್ಮಗಳು ಅಳೋದು ನೋಡೋಕಾಗದೆ ಮಾಡಿದ್ದು. ಮತ್ತೆ ನಾನೇನು ಕಡಿಮೆ ಅಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿದಾಗ ಗ್ಲಿಸರಿನ್ ಕಡ್ಡಿ ಕೊಟ್ಟರು, ನಿಮ್ಮನ್ನು ಕೇಳದೆ ನಾನೂ 2 ಸಲ ಇಟ್ಟಿದ್ದೇನೆ. ಈಗ ಡೈಪರ್ ಬಿಚ್ಚೋಕೆ ಕೈ ಹಾಕಿದರೆ ಸಾಕು, ಕಿರುಚಿ ಕಾಲು ಜೋಡಿಸಿಕೊಳ್ಳುತ್ತಾಳೆ. ತೊಳೆಯೋಕೂ ಬಿಡಲ್ಲ. ಅಲ್ಲಿ ಒಡೆದಿದೆಯಾ ಏನೋ ನೋಡೋಣ ಅಂದರೆ ನೋಡೋಕೇ ಆಗುತ್ತಿಲ್ಲ. ನೀವು ನೋಡುವಾಗಲೂ ತುಂಬ ಅಳುತ್ತಾಳೆ, ಮೊದಲೇ ಹೇಳಿರುತ್ತೇನೆ.

ಬಾಯಿಗೆ ಹರಳೆಣ್ಣೆ ಕೊಟ್ಟಿಲ್ಲ, ಅದನ್ನು ನಾನೇ ತಡೆದೆ. ಒಣದ್ರಾಕ್ಷಿ ನೆನೆಸಿ ಕಿವುಚಿದ ನೀರು ವಾರ ಪೂರ್ತಿ ಕೊಟ್ಟೆವು, ಸ್ವಲ್ಪ ಪರವಾಗಿಲ್ಲ ಅನ್ನಿಸಿತು, ಆಮೇಲೆ ಮತ್ತೆ ಅದೇ ಕಥೆ. ಪರಂಗಿಹಣ್ಣನ್ನು ಬಾಯಿಗೆ ಇಟ್ಟರೆ ನಾಲಿಗೆಯಿಂದ ಹೊರಗೆ ತಳ್ಳುತ್ತಾಳೆ. ಆಶಾ ಕಾರ್ಯಕರ್ತೆ ಕೊಟ್ಟಿದ್ದ ಕಬ್ಬಿಣಾಂಶದ ಸಿರಪ್ಪು, ವಾರಕ್ಕೆ 2 ಸಲ 1 ಎಂಎಲ್, ಅದನ್ನು 3 ವಾರ ಹಾಕಿ ನಿಲ್ಲಿಸಿಬಿಟ್ಟೆವು. ಕಕ್ಕ ಕಪ್ಪಗೆ ಬಂತು, ಗಟ್ಟಿಯಾಗೋದೂ ಅದರಿಂದಲೇ ಅಂತ ಮನೆಯಲ್ಲಿ ಎಲ್ಲರೂ ಅಂದರು. ನಿಲ್ಲಿಸಿ 2 ತಿಂಗಳು ಮೇಲಾಯಿತು, ಕಪ್ಪು ಹೋಯಿತು, ಗಟ್ಟಿ ಮಾತ್ರ ಜಾಸ್ತಿಯೇ ಆಯಿತು. ಇನ್ನೊಂದು ಮರೆತಿದ್ದೆ, ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ. ಇತ್ತೀಚೆಗೆ ಗೋಡೆಯ ಸುಣ್ಣ ಕೆರೆದು ಬಾಯಿಗೆ ಹಾಕಿಕೊಳ್ಳುತ್ತಾಳೆ. ಹಿತ್ತಲಿಗೆ ಬಿಟ್ಟರೆ ಮಣ್ಣು. ಎಲ್ಲ ಮಕ್ಕಳೂ ತಿಂತವೆ ಬಿಡು ಅಂತಾರೆ, ಆದರೆ ಅನ್ನ ಬೇಡ ಅನ್ನೋಳು ಗೋಡೆ ಹುಡುಕಿಕೊಂಡು ಹೋಗೋದು ನನಗೆ ಸರಿ ಅನ್ನಿಸುತ್ತಿಲ್ಲ. ಕಣ್ಣಿನ ಕೆಳ ರೆಪ್ಪೆ ಎಳೆದು ನೋಡಿದೆ, ಒಳಗೆ ಬಿಳಿಚಿಕೊಂಡ ಹಾಗೆ ಕಾಣಿಸಿತು. ನನ್ನ ಭ್ರಮೆಯೂ ಇರಬಹುದು. ರಕ್ತ ಪರೀಕ್ಷೆ ಮಾಡಿಸಬೇಕಾ?

ತೂಕ ಹುಟ್ಟಿದಾಗ 2.9 ಕೆಜಿ, 6 ತಿಂಗಳಿಗೆ 7.2, 9ಕ್ಕೆ 8.1, ನಿಮ್ಮಲ್ಲಿ ವರ್ಷಕ್ಕೆ ತೂಗಿದಾಗ 8.6. ಮೊನ್ನೆ ಅಂಗನವಾಡಿಯಲ್ಲಿ ತೂಗಿದಾಗ 8.7 ಬಂತು. ಅವರ ತಕ್ಕಡಿ ನಿಮ್ಮದಕ್ಕಿಂತ ಹೆಚ್ಚು ಕಡಿಮೆ ಇರಬಹುದು. ಜ್ವರ ಇಲ್ಲ, ವಾಂತಿ ಇಲ್ಲ. ಮೂರನೇ ದಿನದ ಹೊತ್ತಿಗೆ ಸಂಜೆ ಹೊಟ್ಟೆ ಉಬ್ಬಿರುತ್ತದೆ, ಕಕ್ಕ ಆದ ಮೇಲೆ ಇಳಿಯುತ್ತದೆ. ಹುಟ್ಟಿದ ಮೊದಲ ದಿನವೇ ಕಕ್ಕ ಮಾಡಿದ್ದಳು, ನೀವು ಅದನ್ನು ಕೇಳುತ್ತೀರಿ ಅಂತ ನನ್ನ ಅಕ್ಕ ಹೇಳಿದಳು. ಆಟ ಪಾಠ ಚೆನ್ನಾಗಿದೆ, ಒಂದು ಕೈ ಹಿಡಿದರೆ ನಡೆಯುತ್ತಾಳೆ, ಅಜ್ಜಿ, ಅಪ್ಪ, ಬೌ ಬೌ ಅನ್ನುತ್ತಾಳೆ. ಅಮ್ಮ ಅನ್ನೋದು ಇನ್ನೂ ಬಂದಿಲ್ಲ, ಅದಕ್ಕೆ ನೀವು ಔಷಧಿ ಕೊಡಬೇಕಿಲ್ಲ.

ಡೈರಿ ನೋಡುವಾಗ ಇನ್ನೊಂದು ಕಣ್ಣಿಗೆ ಬಿತ್ತು. ನಿನ್ನೆಯಲ್ಲ, ಅದರ ಹಿಂದಿನ ಭಾನುವಾರ ಮಧ್ಯಾಹ್ನ ಬಹಳ ಕಷ್ಟಪಟ್ಟು ಕಕ್ಕ ಆಯಿತು. ಅವತ್ತು ಸಂಜೆ ಅತ್ತೆ ಊರಿಗೆ ಹೋಗಿದ್ದರು, ಹಾಲು ಬೇರೆ ಒಡೆದುಹೋಗಿತ್ತು, ಬಾಟಲಿ ಕೊಡಲಿಲ್ಲ. ರಾತ್ರಿ ಅವಳು ಒಂದು ಮೊಟ್ಟೆಯಲ್ಲಿ ಮುಕ್ಕಾಲು ಭಾಗ, ಅಪ್ಪನ ತಟ್ಟೆಯಿಂದ ಮುದ್ದೆ ಸಾರು, ಎಲ್ಲ ತಾನೇ ಕೈ ಹಾಕಿ ತಿಂದಳು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಹೊಟ್ಟೆ ಖಾಲಿಯಾಗಿದ್ದಕ್ಕೆ ತಿಂದಳೋ, ಹಾಲು ಇಲ್ಲದ್ದಕ್ಕೆ ತಿಂದಳೋ ಗೊತ್ತಾಗಲಿಲ್ಲ. ನನಗೇನೋ ಹಾಲೇ ಮೂಲ ಅನ್ನಿಸುತ್ತದೆ. ಹಾಲಿಂದ ಹೊಟ್ಟೆ ತುಂಬುತ್ತದೆ, ಊಟ ಸೇರಲ್ಲ, ಊಟ ಇಲ್ಲದೆ ಕಕ್ಕ ಗಟ್ಟಿ, ಗಟ್ಟಿ ಆದ ಮೇಲೆ ನೋವಿಗೆ ಹೆದರಿ ತಡೆಯುತ್ತಾಳೆ. ಮನೆಯಲ್ಲಿ ಇದನ್ನು ಹೇಳಿದರೆ ಊಟವೂ ಇಲ್ಲ ಹಾಲೂ ಇಲ್ಲ ಅಂದರೆ ಮಗು ಬದುಕೋದು ಹೇಗೆ ಅಂತ ಕೇಳುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. 

ಗುರುವಾರ ನಿಮ್ಮಿಂದ ನನಗೆ ಬೇಕಾದ್ದು ಇದು. ದಿನಕ್ಕೆ ಹಾಲು ಎಷ್ಟು ಅಂತ ಒಂದು ಅಳತೆ ಚೀಟಿಯಲ್ಲಿ ಬರೆದುಕೊಡಿ, ಡಾಕ್ಟರ್ ಬರೆದಿದ್ದಕ್ಕೆ ಮನೆಯಲ್ಲಿ ಬೆಲೆ ಇದೆ, ನನ್ನ ಮಾತಿಗಿಲ್ಲ. ಒಂದೇ ಸಲ ಇಳಿಸಬೇಕಾ, ನಿಧಾನಕ್ಕಾ? ರಾತ್ರಿಯ ಬಾಟಲಿ ಮೊದಲು ಬಿಡಿಸಲಾ, ಹಗಲಿನದ್ದಾ? ಕಕ್ಕ ಮೆತ್ತಗೆ ಮಾಡುವ ಸಿರಪ್ಪು ಕೊಡುವುದಾದರೆ ಎಷ್ಟು ದಿನ ಹಾಕಬೇಕು, 2 ದಿನ ಸರಿಹೋದ ತಕ್ಷಣ ನಿಲ್ಲಿಸುವ ಅಭ್ಯಾಸ ನಮ್ಮನೆಯಲ್ಲಿದೆ, ಅದಕ್ಕೆ ಮೊದಲೇ ಕೇಳುತ್ತಿದ್ದೇನೆ. ಕಬ್ಬಿಣಾಂಶದ ಸಿರಪ್ಪು ಮತ್ತೆ ಶುರು ಮಾಡಬೇಕಾ, ಅದರಿಂದ ಇನ್ನೂ ಗಟ್ಟಿಯಾದರೆ? ಮತ್ತೆ ಆ ವೀಳ್ಯದೆಲೆ ತೊಟ್ಟಿನ ವಿಷಯ, ನಾನು ಹೇಳಿದೆ ಅಂತ ಗೊತ್ತಾಗದ ಹಾಗೆ, ಎಲ್ಲರಿಗೂ ಹೇಳುವ ಮಾತಿನ ಹಾಗೆ ನೀವೇ ಒಂದು ಮಾತು ಹೇಳಿಬಿಡಿ.

ಗುರುವಾರಕ್ಕೆ ಇನ್ನೂ 3 ದಿನ ಇದೆ. ಅವಳಿಗೆ ಕೊನೆಯ ಸಲ ಕಕ್ಕ ಆಗಿದ್ದು ಶನಿವಾರ, ಇವತ್ತು ಸೋಮವಾರ. ಅಷ್ಟರೊಳಗೆ ವಾಂತಿಯಾದರೆ, ಹೊಟ್ಟೆ ಕಲ್ಲಿನ ಹಾಗಾದರೆ ಅಥವಾ ರಕ್ತ ಜಾಸ್ತಿ ಕಂಡರೆ ಕಾಯದೆ ಹೊತ್ತುಕೊಂಡು ಬಂದುಬಿಡುತ್ತೇನೆ. ಹಾಗೇನೂ ಇಲ್ಲದೆ ಬರೀ ತಡೆದುಕೊಂಡಿದ್ದರೆ ಗ್ಲಿಸರಿನ್ ಕಡ್ಡಿ ಮತ್ತೆ ಇಡಬಹುದಾ, ಬೇಡವಾ, ಅದೊಂದಕ್ಕೆ ಬಿಡುವಾದಾಗ ಉತ್ತರ ಹಾಕಿ ಮೇಡಂ. ರೈಲಲ್ಲಿ ಸಿಗ್ನಲ್ ಸಿಗದಿದ್ದರೂ ಮೆಸೇಜ್ ಬಂದಿರುತ್ತದೆ. ಇವತ್ತಿನಿಂದ ಸಕ್ಕರೆ ಮತ್ತು ಬಿಸ್ಕತ್ತು ನಿಲ್ಲಿಸಿದ್ದೇನೆ, ಹಾಲಿಗೆ ನೀವು ಹೇಳುವವರೆಗೆ ಕೈ ಹಾಕಲ್ಲ. ತಾಯಿ ಕಾರ್ಡು, ಡೈರಿ, ಸಿರಪ್ಪಿನ ಬಾಟಲಿ ತರುತ್ತೇನೆ. ಕಕ್ಕದ ಫೋಟೋ ಫೋನಿನಲ್ಲಿದೆ, ಕೇಳಿದರೆ ಮಾತ್ರ ತೋರಿಸುತ್ತೇನೆ.

ಪುಟ್ಟಿ ಅಮ್ಮ