ಫ್ಲ್ಯಾಟಿನ ಗೀಸರ್ ಬದಲಾಯಿಸಿಕೊಡುವಂತೆ ಕೋರಿ ಮನೆ ಮಾಲೀಕರಿಗೆ ಪತ್ರ

ಬೆಂಗಳೂರು
ದಿನಾಂಕ: 8 ಡಿಸೆಂಬರ್ 2025

ಇಂದ:
ಸುಮಾ
ಫ್ಲ್ಯಾಟ್ ಸಂಖ್ಯೆ 504, ಐದನೇ ಮಹಡಿ
ವಿಜಯನಗರ, ಬೆಂಗಳೂರು

ಗೆ:
ಶ್ರೀ ರಾಘವೇಂದ್ರ ರಾವ್ ಅವರಿಗೆ
ಕುವೆಂಪುನಗರ, ಮೈಸೂರು

ಮಾನ್ಯರೇ,

ವಿಷಯ: ಫ್ಲ್ಯಾಟ್ 504ರ ಸ್ನಾನದ ಮನೆಯ 15 ಲೀಟರ್ ಗೀಸರ್ ದುರಸ್ತಿಗೆ ಬಾರದಂತೆ ಕೆಟ್ಟಿರುವುದರಿಂದ ಹೊಸದನ್ನು ಹಾಕಿಸಿಕೊಡುವ ಬಗ್ಗೆ.

ಕಳೆದ ವಾರ ಫೋನಿನಲ್ಲಿ ಮಾತನಾಡಿದಾಗ, ವಿಷಯವನ್ನು ವಿವರವಾಗಿ ಬರೆದು ಕಳುಹಿಸಿದರೆ ಮನೆಯವರೊಂದಿಗೆ ಚರ್ಚಿಸಿ ತಿಳಿಸುವುದಾಗಿ ತಾವು ಹೇಳಿದ್ದಿರಿ. ಅದರಂತೆ ಈ ಪತ್ರ ಬರೆಯುತ್ತಿದ್ದೇನೆ.

ನವೆಂಬರ್ ಕೊನೆಯ ವಾರದಲ್ಲಿ ಗೀಸರಿನ ಕೆಳಭಾಗದಿಂದ ತುಕ್ಕಿನ ಬಣ್ಣದ ನೀರು ತೊಟ್ಟಿಕ್ಕಲು ಆರಂಭವಾಯಿತು. ಮೊದಲಿಗೆ ಪೈಪಿನ ಜೋಡಣೆ ಸಡಿಲಗೊಂಡಿರಬೇಕೆಂದು ಪ್ಲಂಬರನ್ನು ಕರೆಸಿದೆ; ಅವರು ಎರಡೂ ಕನೆಕ್ಷನ್ ಪೈಪುಗಳನ್ನು ಒರೆಸಿ, ಸ್ವಲ್ಪ ಹೊತ್ತು ಕಾದು ನೋಡಿ, ಪೈಪುಗಳು ಒಣಗಿಯೇ ಇವೆ, ನೀರು ಗೀಸರಿನ ಒಳಗಿನಿಂದಲೇ ಬರುತ್ತಿದೆ ಎಂದು ತೋರಿಸಿದರು. ಅದಾದ ಮೇಲೆ ಗೀಸರಿನ ಸ್ವಿಚ್ ಹಾಕಿದ ಕೂಡಲೇ ಮನೆಯ ಆರ್‌ಸಿಸಿಬಿ ಟ್ರಿಪ್ ಆಗಿ ಇಡೀ ಮನೆಯ ವಿದ್ಯುತ್ ಹೋಗತೊಡಗಿತು. ಸೋರಿದ ನೀರು ವೈರಿಂಗ್ ಇರುವ ಜಾಗಕ್ಕೆ ತಲುಪಿ ಕರೆಂಟ್ ಲೀಕ್ ಆಗುತ್ತಿರುವುದರ ಲಕ್ಷಣ ಇದು. ಅಂದಿನಿಂದ ಗೀಸರಿನ ಸ್ವಿಚ್ಚನ್ನು ಆರಿಸಿ, ಅದಕ್ಕೆ ನೀರು ಹೋಗುವ ವಾಲ್ವನ್ನು ಮುಚ್ಚಿಸಿ ಇಟ್ಟಿದ್ದೇನೆ.

ತಯಾರಕ ಕಂಪನಿಯ ಸರ್ವೀಸ್ ತಂತ್ರಜ್ಞರು ಡಿಸೆಂಬರ್ 3ರಂದು ಬಂದು ಕೆಳಗಿನ ಮುಚ್ಚಳ ಬಿಚ್ಚಿ ಪರೀಕ್ಷಿಸಿದರು. ಹೀಟಿಂಗ್ ಎಲಿಮೆಂಟಿನ ಸುತ್ತ ಸುಣ್ಣದಂಥ ಬಿಳಿ ಪದರ ಬೆರಳಿನ ದಪ್ಪಕ್ಕೆ ಕಟ್ಟಿಕೊಂಡಿತ್ತು. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಸವೆದು ಅದನ್ನು ಕಾಯುವ ಮೆಗ್ನೀಸಿಯಂ ಆನೋಡ್ ರಾಡಿನ ಜಾಗದಲ್ಲಿ ಒಳಗಿನ ತಂತಿಯಷ್ಟೇ ಉಳಿದಿತ್ತು. ಟ್ಯಾಂಕಿನ ತಳದ ಬೆಸುಗೆಯ ಬಳಿ ತೂತು ಬಿದ್ದಿದೆ. ಒಳಭಾಗಕ್ಕೆ ಗಾಜಿನ ಲೇಪನವಿರುವ ಟ್ಯಾಂಕಿಗೆ ಮತ್ತೆ ಬೆಸುಗೆ ಹಾಕಿದರೆ ಆ ಶಾಖಕ್ಕೆ ಲೇಪನವೇ ಬಿರಿಯುತ್ತದೆ. ಆದ್ದರಿಂದ ಇದನ್ನು ದುರಸ್ತಿ ಮಾಡಲು ಬರುವುದಿಲ್ಲವೆಂದು ಅವರು ಸರ್ವೀಸ್ ವರದಿಯಲ್ಲಿ ಬರೆದುಕೊಟ್ಟಿದ್ದಾರೆ. ವರದಿಯ ಪ್ರತಿಯನ್ನೂ ಟ್ಯಾಂಕಿನ ಫೋಟೋಗಳನ್ನೂ ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ.

ಮನೆಯ ಕೀಲಿ ಕೊಡುವಾಗ ತಾವು ಒಪ್ಪಿಸಿದ ಫೈಲಿನಲ್ಲಿರುವ ಬಿಲ್ಲಿನ ಪ್ರಕಾರ ಈ ಗೀಸರನ್ನು 2016ರಲ್ಲಿ ಕೊಂಡಿದ್ದು, ಟ್ಯಾಂಕಿನ ಮೇಲಿದ್ದ ಐದು ವರ್ಷಗಳ ವಾರಂಟಿ ನಾವು ಬಾಡಿಗೆಗೆ ಬರುವ ಮೊದಲೇ ಮುಗಿದಿದೆ. ನಮ್ಮ ಕಟ್ಟಡದಲ್ಲಿ ಕಾವೇರಿ ನೀರು ಸಾಲದಾದಾಗಲೆಲ್ಲ ಬೋರ್‌ವೆಲ್ ನೀರನ್ನೇ ಸಂಪಿಗೆ ಬಿಡುತ್ತಾರೆ ಎಂಬುದು ತಮಗೂ ಗೊತ್ತು. ಅಂಥ ಗಡಸು ನೀರಿನಲ್ಲಿ ಇಷ್ಟು ವರ್ಷ ದುಡಿದ ಗೀಸರು ಸವೆದುಹೋದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ನಿಜ ಹೇಳಬೇಕೆಂದರೆ, ಅದು ಚೆನ್ನಾಗಿಯೇ ಬಾಳಿದೆ.

ಬಳಸಿದವರು ನಾವಾದ್ದರಿಂದ ಹೊಸ ಗೀಸರಿನ ವೆಚ್ಚವನ್ನು ಅರ್ಧರ್ಧ ಹಂಚಿಕೊಳ್ಳೋಣ ಎಂದು ತಾವು ಸೂಚಿಸಿದ್ದಿರಿ. ಇದನ್ನು ಒಪ್ಪಲು ನನಗೆ ಆಗುತ್ತಿಲ್ಲ, ಅದಕ್ಕೆ ಕಾರಣವನ್ನೂ ಹೇಳಿಬಿಡುತ್ತೇನೆ. ನಮ್ಮ ಬಾಡಿಗೆ ಕರಾರಿನ 9ನೇ ಷರತ್ತಿನಲ್ಲಿ, ₹1,500 ಒಳಗಿನ ಸಣ್ಣಪುಟ್ಟ ರಿಪೇರಿಗಳು ಬಾಡಿಗೆದಾರರವು, ಅನುಬಂಧದಲ್ಲಿ ಪಟ್ಟಿ ಮಾಡಿರುವ ಉಪಕರಣಗಳು ಸಹಜ ಸವೆತದಿಂದ ಕೆಟ್ಟರೆ ಅವುಗಳ ದೊಡ್ಡ ದುರಸ್ತಿ ಅಥವಾ ಬದಲಾವಣೆ ಮಾಲೀಕರದು ಎಂದು ಸ್ಪಷ್ಟವಾಗಿದೆ. ಅನುಬಂಧದ ಪಟ್ಟಿಯಲ್ಲಿ ಫ್ರಿಜ್ಜು, ವಾಷಿಂಗ್ ಮಷೀನು, ಎರಡು ಮಂಚಗಳ ಜೊತೆಗೆ ಈ ಗೀಸರೂ ಇದೆ. ಕಳೆದ ಮಾರ್ಚಿನಲ್ಲಿ ಇದೇ ಗೀಸರಿನ ಥರ್ಮೋಸ್ಟಾಟ್ ಹೋದಾಗ ₹850 ಕೊಟ್ಟು ನಾನೇ ಬದಲಾಯಿಸಿಕೊಂಡೆ. ಅದು ನನ್ನ ಪಾಲಿನ ಖರ್ಚು ಎಂಬ ಕಾರಣಕ್ಕೆ ತಮ್ಮ ಗಮನಕ್ಕೂ ತರಲಿಲ್ಲ. ಪ್ಲಂಬರಿಗೂ ಸರ್ವೀಸಿಗೂ ಈ ಸಲ ಕೊಟ್ಟ ಹಣವನ್ನೂ ನಾನು ಕೇಳುತ್ತಿಲ್ಲ. ಆದರೆ ಟ್ಯಾಂಕೇ ತೂತಾಗುವುದು ಬಳಕೆಯ ದೋಷದಿಂದ ಆಗುವಂಥದ್ದಲ್ಲ. ಹೊಸದಾಗಿ ಹಾಕುವ ಗೀಸರು ನಾವು ಮನೆ ಬಿಟ್ಟ ಮೇಲೂ ಈ ಗೋಡೆಯಲ್ಲೇ ಇರುವ ತಮ್ಮ ಆಸ್ತಿ. ಅದರ ಅರ್ಧ ಬೆಲೆಯನ್ನು ಏಪ್ರಿಲ್ 30ಕ್ಕೆ ಕರಾರು ಮುಗಿಯಲಿರುವ ಬಾಡಿಗೆದಾರರು ಕೊಡುವುದು ನ್ಯಾಯವೆನಿಸುವುದಿಲ್ಲ. ತಿಂಗಳಿಗೆ ₹32,000 ಬಾಡಿಗೆ ನಿಗದಿಯಾದದ್ದೂ ಈ ಸಾಮಾನುಗಳೆಲ್ಲ ಸೇರಿಯೇ ಅಲ್ಲವೇ?

ಸದ್ಯಕ್ಕೆ ಇಮ್ಮರ್ಷನ್ ರಾಡ್ ಬಳಸಿಕೊಳ್ಳಿ ಎಂಬ ತಮ್ಮ ಇನ್ನೊಂದು ಸಲಹೆಯನ್ನೂ ಯೋಚಿಸಿದೆ. ಎಪ್ಪತ್ತು ದಾಟಿದ ನನ್ನ ತಾಯಿ ಮನೆಯಲ್ಲಿ ಹಗಲು ಒಬ್ಬರೇ ಇರುತ್ತಾರೆ. ಬಕೆಟ್ಟಿನಲ್ಲಿ ರಾಡ್ ಇಟ್ಟು, ಸ್ವಿಚ್ ಆರಿಸಲು ಮರೆತು ನೀರಿಗೆ ಕೈ ಹಾಕಿದರೆ ಏನಾಗಬಹುದೆಂಬ ಭಯಕ್ಕೆ ಆ ದಾರಿ ಬೇಡವೆನಿಸಿತು. ಈಗ ಅಡುಗೆ ಮನೆಯಲ್ಲಿ ಗ್ಯಾಸಿನ ಮೇಲೆ ನೀರು ಕಾಯಿಸಿ ಪಾತ್ರೆ ಹೊತ್ತು ಸ್ನಾನದ ಮನೆಗೆ ಒಯ್ಯುತ್ತಿದ್ದೇವೆ. ಈ ಚಳಿಯಲ್ಲಿ ಬೆಳಗ್ಗೆ ಮೂವರ ಸ್ನಾನ ಮುಗಿಯುವಷ್ಟರಲ್ಲಿ ಆಫೀಸಿಗೂ ಶಾಲೆಗೂ ಹೊತ್ತಾಗುತ್ತಿದೆ. ಅದಕ್ಕಿಂತ ಹೆಚ್ಚಾಗಿ, ಕುದಿಯುವ ನೀರು ಹಿಡಿದು ಒದ್ದೆ ನೆಲದ ಮೇಲೆ ನಡೆಯುವುದು ಅಪಾಯ.

ಆದ್ದರಿಂದ ಡಿಸೆಂಬರ್ 20ರ ಒಳಗೆ ಹೊಸ ಗೀಸರ್ ಹಾಕಿಸಿಕೊಡಬೇಕೆಂದು ಕೋರುತ್ತೇನೆ. ಯಾವ ಕಂಪನಿಯದು ಎಂಬುದು ತಮ್ಮ ಆಯ್ಕೆ. ಸಾಮರ್ಥ್ಯ ಹಿಂದಿನಂತೆ 15 ಲೀಟರ್, 2,000 ವಾಟ್ ಇದ್ದರೆ ಈಗಿರುವ 16 ಆಂಪಿಯರ್ ಪಾಯಿಂಟಿಗೇ ಸಾಕಾಗುತ್ತದೆ. ಕಟ್ಟಡಕ್ಕೆ ಪ್ರೆಷರ್ ಪಂಪ್ ಇರುವುದರಿಂದ 8 ಬಾರ್ ಒತ್ತಡ ತಡೆಯುವ ಮಾದರಿಯೇ ಬೇಕು, ಮತ್ತು ಗಡಸು ನೀರಿಗೆ ಹೊಂದುವ ಎಲಿಮೆಂಟ್ ಇದ್ದರೆ ಹೆಚ್ಚು ಕಾಲ ಬರುತ್ತದೆ. ರೀಕಂಡಿಶನ್ ಮಾಡಿದ ಹಳೆಯ ಗೀಸರು ಮಾತ್ರ ದಯವಿಟ್ಟು ಬೇಡ. ಹತ್ತಿರದ ಅಂಗಡಿಯವರು ಇಂಥ ಐದು ಸ್ಟಾರ್ ಗೀಸರಿಗೆ, ಹೊಸ ಕನೆಕ್ಷನ್ ಪೈಪು ಮತ್ತು ಜೋಡಣೆಯ ಕೂಲಿ ಸೇರಿ, ಹಳೆಯದನ್ನು ಕೊಟ್ಟರೆ ₹9,200 ಎಂದು ಬರೆದುಕೊಟ್ಟಿದ್ದಾರೆ; ಆ ಕೊಟೇಶನ್ನೂ ಲಗತ್ತಿನಲ್ಲಿದೆ.

ಮೈಸೂರಿನಿಂದ ಬಂದು ಓಡಾಡುವುದು ಕಷ್ಟವಾದರೆ, ತಾವು ಲಿಖಿತವಾಗಿ, ವಾಟ್ಸ್ಆ್ಯಪಿನಲ್ಲಾದರೂ ಸರಿ, ಒಪ್ಪಿಗೆ ಕೊಟ್ಟರೆ ನಾನೇ ಕೊಂಡು ಹಾಕಿಸಿ ಆ ಮೊತ್ತವನ್ನು ಜನವರಿ ಬಾಡಿಗೆಯಲ್ಲಿ ಹಿಡಿದುಕೊಳ್ಳುತ್ತೇನೆ. ಬಿಲ್ಲು ಮತ್ತು ವಾರಂಟಿ ಕಾರ್ಡು ತಮ್ಮ ಹೆಸರಿನಲ್ಲೇ ಇರುತ್ತವೆ. ಮಾಲೀಕರು ಮಾಡಿಸಲೇಬೇಕಾದ ದುರಸ್ತಿಯನ್ನು ನೋಟಿಸ್ ಕೊಟ್ಟ ಮೇಲೂ ಸಕಾಲದಲ್ಲಿ ಮಾಡಿಸದಿದ್ದರೆ ಬಾಡಿಗೆದಾರರೇ ಮಾಡಿಸಿ ಬಾಡಿಗೆಯಲ್ಲಿ ಕಳೆದುಕೊಳ್ಳಲು 1882ರ ಆಸ್ತಿ ವರ್ಗಾವಣೆ ಕಾಯಿದೆಯ 108ನೇ ಕಲಮಿನಲ್ಲಿ ಅವಕಾಶವಿದೆ. ಆದರೂ ತಮ್ಮ ಒಪ್ಪಿಗೆಯಿಲ್ಲದೆ ಒಂದು ರೂಪಾಯಿಯನ್ನೂ ಹಿಡಿಯುವ ಇಷ್ಟ ನನಗಿಲ್ಲ. ಒಂದೂವರೆ ವರ್ಷದಿಂದ ನಮ್ಮ ನಡುವೆ ಬಾಡಿಗೆಯ ವಿಷಯದಲ್ಲಿ ಒಂದು ಮಾತೂ ಬಂದಿಲ್ಲ.

ಪಟ್ಟಿಯ ಉಳಿದ ಸಾಮಾನುಗಳು ಚೆನ್ನಾಗಿವೆ. ಫ್ರಿಜ್ಜಿನ ಬಾಗಿಲಿನ ರಬ್ಬರ್ ಸ್ವಲ್ಪ ಸಡಿಲವಾಗಿದೆ. ಅದನ್ನು ನಾನೇ ಬದಲಾಯಿಸಿಕೊಳ್ಳುತ್ತೇನೆ.

ತಾವು ಬಂದು ನೋಡುವುದಾದರೆ ಭಾನುವಾರ ದಿನವಿಡೀ ಮನೆಯಲ್ಲಿರುತ್ತೇನೆ. ಡಿಸೆಂಬರ್ 15ರ ಒಳಗೆ ತಮ್ಮ ಉತ್ತರ ಬಂದರೆ ಅಂಗಡಿಯವರಿಗೆ ತಿಳಿಸಲು ಅನುಕೂಲವಾಗುತ್ತದೆ, ಏಕೆಂದರೆ ಈ ಕೊಟೇಶನ್ನಿನ ಬೆಲೆ ಆ ವಾರದವರೆಗೆ ಮಾತ್ರ.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಸುಮಾ