ಅಪಠಿತ ಗದ್ಯ: ಹೂಮಳೆ

ಈ ಗದ್ಯಭಾಗವನ್ನು ಎರಡು ಬಾರಿ ಓದಿ, ಅನಂತರ ಉತ್ತರಿಸಿ. (10 ಅಂಕಗಳು)

ಮಾರ್ಚ್ ಮುಗಿಯುತ್ತಾ ಬಂದರೂ ವಿರಾಜಪೇಟೆ ಬಳಿಯ ನಮ್ಮ ಕಾಫಿ ತೋಟಕ್ಕೆ ಹನಿ ಬಿದ್ದಿರಲಿಲ್ಲ. ಪಕ್ಕದ ತೋಟದಲ್ಲಿ ಸ್ಪ್ರಿಂಕ್ಲರ್ ತಿರುಗುತ್ತಿತ್ತು. ನಮ್ಮ ಕೆರೆಯ ತಳ ಬಿರುಕು ಬಿಟ್ಟಿತ್ತು. ಅಜ್ಜ ದಿನಕ್ಕೆ ಹತ್ತು ಬಾರಿ ಅಂಗಳಕ್ಕೆ ಬಂದು ಆಕಾಶ ನೋಡುತ್ತಿದ್ದರು, ಊಟಕ್ಕೆ ಕುಳಿತರೆ ಮಾತಿಲ್ಲ. ಏಪ್ರಿಲ್ ಮೊದಲ ವಾರ, ಒಂದು ರಾತ್ರಿ, ಕಾಫಿ ಹೂವನ್ನು ಅರಳಿಸುವ ಹೂಮಳೆ ನಮ್ಮ ಕೈ ಹಿಡಿಯಿತು. ಅಜ್ಜ ಕೊಡೆಯನ್ನು ಮರೆತು ಅಂಗಳಕ್ಕೆ ಇಳಿದರು. ಒಂಬತ್ತನೆಯ ದಿನ ರೊಬಸ್ಟಾ ಗಿಡಗಳೆಲ್ಲ ಬೆಳ್ಳಗಾಗಿ ಮಲ್ಲಿಗೆಯಂಥ ಕಂಪು ಹರಡಿತು. “ಈ ವಾರ ಔಷಧಿ ಸಿಂಪಡಿಸುವುದು ಬೇಡ ಮಗಳೇ, ಜೇನು ಬರಲಿ” ಎಂದರು. ರೊಬಸ್ಟಾ ಕಾಯಿ ಕಟ್ಟಲು ಬೇರೆ ಗಿಡದ ಪರಾಗ ಬೇಕು. ಪೇಟೆಯಿಂದ ಬಂದವರು ಹೂವಿನ ಮುಂದೆ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಆ ಬಿಳುಪಿನ ಹಿಂದಿನ ನಿದ್ದೆಗೆಟ್ಟ ರಾತ್ರಿಗಳು ಫೋಟೊದಲ್ಲಿ ಕಾಣುವುದಿಲ್ಲ.

1. ಅಜ್ಜನ ಆತಂಕವನ್ನು ಲೇಖಕಿ ನೇರವಾಗಿ ಹೇಳಿಲ್ಲ. ಅದನ್ನು ಸೂಚಿಸುವ ಎರಡು ವಿವರಗಳನ್ನು ಬರೆಯಿರಿ. (2)

2. ತೋಟಕ್ಕೆ ನೀರು ಹಾಯಿಸಲು ಇವರಿಗೆ ಏಕೆ ಆಗಲಿಲ್ಲ? ಗದ್ಯದ ಆಧಾರದಿಂದ ಊಹಿಸಿ. (1)

3. ಔಷಧಿ ಬೇಡವೆಂದ ಅಜ್ಜನ ಮಾತಿಗೂ ಮುಂದಿನ ವಾಕ್ಯಕ್ಕೂ ಇರುವ ಸಂಬಂಧವೇನು? (2)

4. ‘ಕೈ ಹಿಡಿಯಿತು’ ಎಂಬುದಕ್ಕೆ ಇಲ್ಲಿ ಹೊಂದುವ ಅರ್ಥ:
ಅ) ಮದುವೆಯಾಯಿತು ಆ) ತಡೆಯಿತು ಇ) ಕಷ್ಟದಲ್ಲಿ ನೆರವಾಯಿತು ಈ) ಬೇಡಿಕೊಂಡಿತು (1)

5. ‘ಬಿಳುಪು’ ಎಂಬ ಪದ ಇಲ್ಲಿ ಯಾವುದನ್ನು ಸೂಚಿಸುತ್ತದೆ? (1)

6. ಲೇಖಕಿಯ ಉದ್ದೇಶ ಕಾಫಿ ಹೂವಿನ ಚೆಲುವನ್ನು ವರ್ಣಿಸುವುದಷ್ಟೇ ಆಗಿದೆಯೇ? ಕೊನೆಯ ಎರಡು ವಾಕ್ಯಗಳನ್ನು ಆಧರಿಸಿ ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ. ನಿಮ್ಮ ಮನೆಯ ತೋಟದ ಅನುಭವ ಎಷ್ಟೇ ಚೆನ್ನಾಗಿದ್ದರೂ ಇಲ್ಲಿ ಬೇಡ, ಗದ್ಯದಲ್ಲಿರುವುದೇ ಸಾಕ್ಷಿ. (3)