ಮೈ ಹುಷಾರಿಲ್ಲದ ದಿನ ಶುಗರ್ ಔಷಧಿ ಹೇಗೆ ತೆಗೆದುಕೊಳ್ಳಬೇಕು

ಈ ಹಾಳೆ ನಿಮ್ಮ ಈಗಿನ ಚೀಟಿಯನ್ನು ನೋಡಿಕೊಂಡು ಬರೆದದ್ದು. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಡಾಪಾಗ್ಲಿಫ್ಲೋಜಿನ್, ಬಿಪಿಗೆ ಟೆಲ್ಮಿಸಾರ್ಟನ್ ಜೊತೆ ನೀರಿಳಿಸುವ ಮಾತ್ರೆ, ರಾತ್ರಿ 18 ಯೂನಿಟ್ ಗ್ಲಾರ್ಜಿನ್ ಇನ್ಸುಲಿನ್. ಬೇರೆಯವರಿಗೆ, ಅವರಿಗೂ ಶುಗರ್ ಇದ್ದರೂ, ಇದನ್ನು ಕೊಡಬೇಡಿ. ಮನೆಯವರು ಮಾತ್ರ ಒಮ್ಮೆ ಓದಿಟ್ಟುಕೊಳ್ಳಲಿ. ಜ್ವರದಲ್ಲಿ ಮಲಗಿದಾಗ ನಿಮಗೆ ಓದುವ ತ್ರಾಣ ಇರುವುದಿಲ್ಲ, ಅಲ್ವಾ?

ಮೊದಲು ಇನ್ಸುಲಿನ್ ಮಾತು. "ಊಟವೇ ಮಾಡಿಲ್ಲ, ಇನ್ಸುಲಿನ್ ಯಾಕೆ" ಎಂದು ತುಂಬಾ ಜನ ನಿಲ್ಲಿಸಿಬಿಡುತ್ತಾರೆ. ಕಾಯಿಲೆ ಬಂದಾಗ ಲಿವರ್ ತಾನಾಗಿಯೇ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಹೊಟ್ಟೆ ಖಾಲಿ ಇದ್ದರೂ ಶುಗರ್ ಏರುತ್ತದೆ. ಹಾಗಾಗಿ ರಾತ್ರಿಯ ಗ್ಲಾರ್ಜಿನ್ ಪೂರ್ತಿ ಬಿಡಬೇಡಿ. ಏನೂ ತಿನ್ನಲಾಗದೆ, ಮಲಗುವ ಮುಂಚೆ ಶುಗರ್ 100ಕ್ಕಿಂತ ಕಡಿಮೆ ಇದ್ದರೆ ಅವತ್ತು 14 ಯೂನಿಟ್ ಸಾಕು. 70ಕ್ಕಿಂತ ಕೆಳಗಿದ್ದರೆ ಮೊದಲು ಅದನ್ನು ಸರಿಮಾಡಿ, ಆಮೇಲೆ ಫೋನ್ ಮಾಡಿ ಕೇಳಿ.

ಇನ್ನು ಮಾತ್ರೆಗಳು.

ಡಾಪಾಗ್ಲಿಫ್ಲೋಜಿನ್ ಅನ್ನು ಜ್ವರ, ವಾಂತಿ, ಭೇದಿ, ಊಟ ಸೇರದಿರುವುದು, ಯಾವುದಾದರೂ ಶುರುವಾದ ಕೂಡಲೇ ನಿಲ್ಲಿಸಿ. ಇದೊಂದರಲ್ಲಿ ಕಾದು ನೋಡೋದು ಬೇಡ. ಊಟ ಕಡಿಮೆಯಾದಾಗ ಈ ಮಾತ್ರೆಯಿಂದ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಸೇರಿಕೊಳ್ಳಬಹುದು. ಮೋಸ ಏನೆಂದರೆ ಆಗ ಶುಗರ್ 180 ಅಥವಾ 200 ಅಷ್ಟೇ ತೋರಿಸಬಹುದು, ಎಲ್ಲ ಸರಿಯಿದೆ ಎನಿಸುತ್ತದೆ.

ಬರೀ ಜ್ವರ, ಊಟ ನೀರು ಚೆನ್ನಾಗಿ ಸೇರುತ್ತಿದೆ ಎಂದಾದರೆ ಉಳಿದ ಮಾತ್ರೆಗಳು ಎಂದಿನಂತೆ. ವಾಂತಿ ಭೇದಿ ಆಗುತ್ತಿದ್ದರೆ ಅಥವಾ ನೀರೂ ಸೇರದಿದ್ದರೆ ಮೆಟ್‌ಫಾರ್ಮಿನ್ ನಿಲ್ಲಿಸಿ, ಬಿಪಿಯ ಎರಡನ್ನೂ ನಿಲ್ಲಿಸಿ. ಮೈಯಲ್ಲಿ ನೀರು ಕಡಿಮೆಯಾದಾಗ ಬಿಪಿಯ ಈ ಮಾತ್ರೆಗಳು ಕಿಡ್ನಿಗೆ ಭಾರ. ಕಿಡ್ನಿ ಸೋತರೆ ಮೆಟ್‌ಫಾರ್ಮಿನ್ ಹೊರಹೋಗದೆ ಮೈಯಲ್ಲೇ ಉಳಿಯುತ್ತದೆ.

ಗ್ಲಿಮೆಪಿರೈಡ್ ಊಟಕ್ಕೆ ಅಂಟಿಕೊಂಡದ್ದು. ಎಂದಿನ ಊಟದ ಅರ್ಧವೂ ಸೇರದಿದ್ದರೆ ಆ ಹೊತ್ತಿನದು ಬೇಡ, ಶುಗರ್ ಧಡಕ್ಕನೆ ಇಳಿದೀತು. ಊಟ ಸೇರುತ್ತಿಲ್ಲ, ಆದರೂ ಶುಗರ್ 250 ದಾಟಿದೆ ಎಂದರೆ ಸುಮ್ನೆ ಊಹೆ ಮಾಡಬೇಡಿ, ಫೋನ್ ಮಾಡಿ.

ಜ್ವರಕ್ಕೆ ಪ್ಯಾರಾಸಿಟಮಾಲ್ ಆಗುತ್ತದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ತರಹದ ನೋವಿನ ಮಾತ್ರೆ ಬೇಡ.

ನಾಲ್ಕು ಗಂಟೆಗೊಮ್ಮೆ ಶುಗರ್ ನೋಡಿ, ರಾತ್ರಿಯೂ ಒಮ್ಮೆ ಎದ್ದು. ಸಮಯ, ಶುಗರ್, ಕುಡಿದದ್ದು, ವಾಂತಿ ಎಷ್ಟು ಸಲ, ಎಲ್ಲ ಒಂದು ಕಾಗದದಲ್ಲಿ ಬರೆಯಿರಿ. ಗಂಟೆಗೆ ಒಂದು ಲೋಟದಷ್ಟು ನೀರು ಗುಟುಕು ಗುಟುಕಾಗಿ ಕುಡಿಯಿರಿ. ಒಂದೇ ಸಲ ಕುಡಿದರೆ ಮತ್ತೆ ವಾಂತಿ. ಭೇದಿ ಇದ್ದರೆ ಓಆರ್‌ಎಸ್. ಗಟ್ಟಿ ಊಟ ಸೇರದೆ ಶುಗರ್ ಕಡಿಮೆಯತ್ತ ಇಳಿಯುತ್ತಿದ್ದರೆ ಹಣ್ಣಿನ ರಸ ಕುಡಿಯಬಹುದು. ಇಂಥ ದಿನ ಅದು ತಪ್ಪಲ್ಲ. 70ಕ್ಕಿಂತ ಕೆಳಗೆ ಹೋದರೆ ಮೂರು ಚಮಚ ಗ್ಲೂಕೋಸ್ ಪುಡಿಯನ್ನು ನೀರಿಗೆ ಹಾಕಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ. ಎಚ್ಚರ ಸರಿಯಾಗಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದು, ನೇರ ಆಸ್ಪತ್ರೆಗೆ.

ನಿಲ್ಲಿಸಿದ ಮಾತ್ರೆಗಳನ್ನು ವಾಂತಿ ನಿಂತು, ಎಂದಿನಂತೆ ಊಟ ನೀರು ಸೇರಲು ಶುರುವಾಗಿ ಒಂದೆರಡು ದಿನ ಆದಮೇಲೆ ಮತ್ತೆ ಹಳೆಯ ಡೋಸ್‌ನಲ್ಲೇ ಶುರು ಮಾಡಿ. ಮರೆತು ವಾರಗಟ್ಟಲೆ ಬಿಟ್ಟುಬಿಡಬೇಡಿ, ಅದೂ ಆಗುತ್ತಿರುತ್ತದೆ.

ಅದೇ ದಿನ ಕ್ಲಿನಿಕ್ಕಿಗೆ ಫೋನ್ ಮಾಡಬೇಕಾದದ್ದು: ಶುಗರ್ ಎರಡು ಸಲ ಸತತವಾಗಿ 300 ದಾಟಿದರೆ, ಎರಡು ದಿನವಾದರೂ ಜ್ವರ ಬಿಡದಿದ್ದರೆ, ಶುಗರ್ ಪದೇ ಪದೇ 70ಕ್ಕಿಂತ ಇಳಿಯುತ್ತಿದ್ದರೆ, ರಕ್ತದ ಕೀಟೋನ್ 0.6 ದಾಟಿದರೆ.

ಫೋನಿಗೂ ಕಾಯದೆ, ಹಗಲಿರಲಿ ರಾತ್ರಿಯಿರಲಿ, ತುರ್ತು ಚಿಕಿತ್ಸೆಗೆ ಹೋಗಬೇಕಾದದ್ದು: ನಾಲ್ಕೈದು ಗಂಟೆಯಿಂದ ಕುಡಿದ ನೀರೂ ನಿಲ್ಲದೆ ವಾಂತಿ, ಜೋರಾದ ಹೊಟ್ಟೆನೋವು, ಆಳವಾಗಿ ಬೇಗ ಬೇಗ ಉಸಿರು, ಉಸಿರಿನಲ್ಲಿ ಕೊಳೆತ ಹಣ್ಣಿನಂಥ ವಾಸನೆ, ಎದೆನೋವು, ತೊದಲು ಮಾತು, ಮಂಪರು, ಎಂಟು ಗಂಟೆಯಿಂದ ಮೂತ್ರವೇ ಆಗದಿರುವುದು, ಕೀಟೋನ್ 1.5 ಅಥವಾ ಜಾಸ್ತಿ. ಇವುಗಳಲ್ಲಿ ಒಂದಿದ್ದರೂ ಸಾಕು, ಎಲ್ಲ ಸೇರಲಿ ಎಂದು ಕಾಯಬಾರದು. ಗಾಡಿಯನ್ನು ನೀವೇ ಓಡಿಸಬೇಡಿ.

ಹೋಗುವಾಗ ಈ ಹಾಳೆ, ಬರೆದಿಟ್ಟ ಕಾಗದ, ಮಾತ್ರೆಗಳ ಪಟ್ಟಿ ಜೊತೆಗಿರಲಿ. ಅಲ್ಲಿಯ ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಿ: "ನಾನು ಡಾಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುತ್ತೇನೆ. ಶುಗರ್ ಕಡಿಮೆ ಕಂಡರೂ ಕೀಟೋನ್ ಪರೀಕ್ಷೆ ಮಾಡಿ."